ಬೋರ್ಡ್ ಗೇಮ್ ಕಾರ್ಡಿನಲ್ಲಿ ‘ಬಹುದು’ ತರುವ ಗೊಂದಲ

“ಬೋರ್ಡ್ ಗೇಮ್ ಒಂದರ ಕಾರ್ಡುಗಳನ್ನು ಕನ್ನಡಕ್ಕೆ ಅನುವಾದಿಸುತ್ತಾ ‘ಒಂದು ಕಾರ್ಡ್ ಎಸೆದು ಎರಡು ಎಳೆಯಬಹುದು’ ಅಂತ ಬರೆದಿದ್ದೇನೆ. ಎಸೆಯದೆ ಎಳೆಯಬಹುದಾ ಅಂತ ಆಟಗಾರರು ವಾದ ಮಾಡ್ತಾರೆ. ಹೇಗೆ ತಿದ್ದಲಿ?”

ವಾಕ್ಯವನ್ನು ಎರಡಾಗಿ ಒಡೆಯಿರಿ. ಕೊನೆಗೊಂದೇ ‘ಬಹುದು’ ಇದ್ದರೆ ಅದು ಎಸೆಯುವುದಕ್ಕೂ ಸೇರುತ್ತದೋ, ಎಳೆಯುವುದಕ್ಕೆ ಮಾತ್ರವೋ ಗೊತ್ತಾಗುವುದಿಲ್ಲ. ಮೂಲದಲ್ಲಿ ಎಸೆಯುವುದು ಐಚ್ಛಿಕವಾಗಿದ್ದರೆ ಹೀಗೆ ಬರೆಯಿರಿ:

“1 ಕಾರ್ಡ್ ಎಸೆಯಬಹುದು. ಎಸೆದರೆ, 2 ಕಾರ್ಡ್ ಎಳೆಯಿರಿ.”

ಈಗ ಕೈ ಖಾಲಿಯಿದ್ದವರಿಗೆ ಎಳೆಯುವ ಹಕ್ಕಿಲ್ಲ, ಎಸೆದವರು ಎಳೆಯಲೇಬೇಕು. ಎರಡೂ ಕಡ್ಡಾಯವಾದರೆ “1 ಕಾರ್ಡ್ ಎಸೆಯಿರಿ. ನಂತರ 2 ಕಾರ್ಡ್ ಎಳೆಯಿರಿ” ಸಾಕು. ಆದರೆ ಎಸೆಯಲು ಕಾರ್ಡೇ ಇಲ್ಲದಿದ್ದರೆ ಏನೆಂದು ನಿಯಮ ಪುಸ್ತಕದಲ್ಲಿ ಹೇಳಲೇಬೇಕು. ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲೇ.

ಎಲ್ಲ ಕಾರ್ಡುಗಳಲ್ಲೂ ‘ಬಹುದು’ ಐಚ್ಛಿಕಕ್ಕೆ, ‘-ಇರಿ’ ಕಡ್ಡಾಯಕ್ಕೆ ಮಾತ್ರ ಇರಲಿ. ಒಬ್ಬ ಆಟಗಾರನದು ‘ಸರದಿ’, ಎಲ್ಲರ ಸರದಿ ಮುಗಿದರೆ ‘ಸುತ್ತು’. ಇವೆರಡನ್ನು ಎಲ್ಲೂ ಅದಲುಬದಲು ಮಾಡಬೇಡಿ. ಕೊನೆಗೆ, ಮೂಲ ಓದಿರದವರ ಕೈಗೆ ಕಾರ್ಡ್ ಕೊಟ್ಟು, ಕೈ ಖಾಲಿಯಿರುವ ಸ್ಥಿತಿಯಲ್ಲೇ ಆಡಿಸಿ ನೋಡಿ.