ಟ್ರೇಸ್ ಗುಂಡಿ ಒತ್ತಿದರೆ ಮುಖ ಬರುವುದಿಲ್ಲ

ಸೆಲ್ಫಿಯನ್ನು ಬಿಡಿಸಿದ ಚಿತ್ರದಂತೆ ಮಾಡಲು ಇಂಕ್‌ಸ್ಕೇಪ್‌ನಲ್ಲಿ Trace Bitmap ಮಾಡಿದೆ. ಕೆನ್ನೆ ತುಂಬ ಕಲೆ, ಕೂದಲು ಗೋಡೆಗೆ ಅಂಟಿಕೊಂಡಿದೆ, ಕನ್ನಡಕ ಮುರಿದ ಹಾಗಿದೆ. ಲಿಂಕ್ಡ್‌ಇನ್‌ಗೆ ಬೇಕಿತ್ತು. ಯಾವ ಸೆಟ್ಟಿಂಗ್ ಬದಲಿಸಲಿ? – ಓದುಗರು, ತೀರ್ಥಹಳ್ಳಿ

ಯಾವುದನ್ನೂ ಬದಲಿಸಬೇಡಿ. ಆ ಟ್ರೇಸ್ ಅಳಿಸಿ, ಪೆನ್ ಟೂಲ್‌ನಲ್ಲಿ ಕೈಯಲ್ಲೇ ಬಿಡಿಸಿ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಕೇಳುವವರೆಲ್ಲ ಸ್ಲೈಡರ್ ಎಳೆದೆಳೆದು ಸುಸ್ತಾದವರೇ. ಟ್ರೇಸ್‌ಗೆ ಮೂಗು ಯಾವುದು, ಮೂಗಿನ ನೆರಳು ಯಾವುದು ಗೊತ್ತಿಲ್ಲ. ಒಂದೇ ಥರ ಗಾಢವಾಗಿರುವುದನ್ನೆಲ್ಲ ಅದು ಒಂದೇ ಆಕಾರಕ್ಕೆ ಸೇರಿಸುತ್ತದೆ. ಕಪ್ಪು ಕೂದಲು, ಹಿಂದಿನ ಮಬ್ಬುಗೋಡೆ ಎರಡೂ ಒಂದಾಗಿದ್ದು ಅದಕ್ಕೇ. ಮಂದ ಬೆಳಕಿನಲ್ಲಿ ಫೋನ್ ಕ್ಯಾಮೆರಾ ಚರ್ಮದ ಮೇಲೆ ಚುಕ್ಕೆಚುಕ್ಕೆ ತರುತ್ತದೆ, ಟ್ರೇಸ್ ಆ ಚುಕ್ಕೆಗಳಿಗೂ ಗಡಿ ಹಾಕುತ್ತದೆ. ಆಮೇಲೆ Simplify ಒತ್ತಿದರೆ ಕಲೆಯ ಜೊತೆ ಕಣ್ಣಿನ ಮೂಲೆಯೂ ಕರಗುತ್ತದೆ.

ಮೊದಲು ಫೋಟೋ ಇನ್ನೊಮ್ಮೆ ತೆಗೆಯಿರಿ. ಕೈಯಳತೆಯ ಸೆಲ್ಫಿಯಲ್ಲಿ ಮೂಗು ಕ್ಯಾಮೆರಾಕ್ಕೆ ಹತ್ತಿರ, ಕಿವಿ ದೂರ. ಹಾಗಾಗಿ ಮೂಗು ಊದಿ ಕಿವಿ ಹಿಂದೆ ಸರಿಯುತ್ತದೆ. ಅದರ ಮೇಲೆ ಎಷ್ಟು ನೀಟಾಗಿ ಬಿಡಿಸಿದರೂ ಮುಖ ನಿಮ್ಮದಾಗುವುದಿಲ್ಲ. ಫೋನನ್ನು ಕಣ್ಣಿನ ಮಟ್ಟಕ್ಕೆ ಒರಗಿಸಿ, ಒಂದೂವರೆ ಮೀಟರ್ ದೂರ ನಿಂತು, ಟೈಮರ್ ಹಾಕಿ. ಮಳೆಗಾಲದ ನಮ್ಮ ಮೋಡದ ಬೆಳಕಿಗೆ ಅಂಗಳದಲ್ಲಿ ನಿಂತರೆ ಮುಖದಲ್ಲಿ ನೆರಳಿನ ಗೆರೆಯೇ ಬೀಳುವುದಿಲ್ಲ. ಜಗಲಿಯಲ್ಲಿ ಒಂದು ಕೆನ್ನೆ ಅಂಗಳದ ಕಡೆ, ಇನ್ನೊಂದು ಗೋಡೆಯ ಕಡೆ ಬರುವಂತೆ ನಿಲ್ಲಿ. ಆಗ ಹಣೆಯಿಂದ ಗದ್ದದವರೆಗೆ ಬೆಳಕು-ನೆರಳಿನ ಗಡಿ ಕಾಣುತ್ತದೆ. ನಿಮಗೆ ಬೇಕಾದದ್ದು ಆ ಗಡಿ.

ಫೋಟೋವನ್ನು 1024 × 1024 ಪಿಕ್ಸೆಲ್ ಪುಟಕ್ಕೆ ತಂದು, ಅರ್ಧ ಪಾರದರ್ಶಕ ಮಾಡಿ, ಲೇಯರ್ ಲಾಕ್ ಮಾಡಿ. ಮೇಲಿನ ಲೇಯರ್‌ನಲ್ಲಿ ಹಿಂದಿನಿಂದ ಮುಂದಕ್ಕೆ ಬಿಡಿಸುತ್ತ ಬನ್ನಿ: ಹಿಂಗೂದಲು, ಕುತ್ತಿಗೆ, ಅಂಗಿ, ಕಿವಿ, ಮುಖ, ನೆರಳು, ಮುಂಗೂದಲು, ಹುಬ್ಬು, ಕಣ್ಣು, ಕೊನೆಗೆ ಕನ್ನಡಕ. ಮುಖದ ಸುತ್ತುಗೆರೆಗೆ ಎಂಟು-ಹತ್ತು ನೋಡ್ ಸಾಕು. ಗದ್ದ, ದವಡೆಯ ಎರಡು ತಿರುವು, ಕೆನ್ನೆಯ ಮೂಳೆ, ಕಪೋಲದ ಮೇಲಿನ ಕಣತಲೆ – ಗೆರೆ ತಿರುಗುವಲ್ಲಿ ಮಾತ್ರ ಇಡಿ. ನಲವತ್ತು ಇಟ್ಟರೆ ದವಡೆ ಅಲೆಅಲೆಯಾಗುತ್ತದೆ. ಮುಖವನ್ನು ಕೂದಲಿನ ಅಡಿಗೂ ಸ್ವಲ್ಪ ಚಾಚಿ. ಅಂಚಿಗೆ ಅಂಚು ಕೂಡಿಸಿದರೆ ನಡುವೆ ಹಿನ್ನೆಲೆಯ ಬಣ್ಣ ದಾರದಂತೆ ಇಣುಕುತ್ತದೆ.

ಚರ್ಮಕ್ಕೆ ಎರಡೇ ಬಣ್ಣ. ಗೋಧಿಬಣ್ಣದ ಮುಖಕ್ಕೆ #B97A56 ಹಾಕಿದರೆ ನೆರಳಿಗೆ #9A5C40. ಮೇಲೆ ಪಾರದರ್ಶಕ ಕಪ್ಪು ಬಳಿಯುವ ಅಭ್ಯಾಸ ಬಿಡಿ, ಚರ್ಮ ಬೂದಿಯಾಗುತ್ತದೆ. ನೆರಳಿನ ಒಳಗಡಿಯನ್ನು ಫೋಟೋ ನೋಡಿ ಬಿಡಿಸಿ, ಹೊರಬದಿ ಮುಖದಾಚೆ ಹೋಗಲಿ. ಮುಖವನ್ನು `Ctrl+D` ಒತ್ತಿ ನಕಲು ಮಾಡಿ, ನಕಲನ್ನೂ ನೆರಳನ್ನೂ ಆರಿಸಿ `Ctrl+*` ಒತ್ತಿದರೆ ಹೊರಗಿನದು ಕತ್ತರಿಸಿ ಹೋಗುತ್ತದೆ. ಮೂಗಿಗೆ ಸುತ್ತುಗೆರೆ ಬೇಡ, ಬದಿಯ ಮತ್ತು ಕೆಳಗಿನ ನೆರಳೇ ಮೂಗು. ಹಲ್ಲು ಎಣಿಸಿ ಬಿಡಿಸಲೇಬೇಡಿ. ಗುರುತು ಸಿಗುವುದು ಹುಬ್ಬು, ಕನ್ನಡಕ, ಕೂದಲಿನಂಚು, ದವಡೆಯಿಂದ. ಸಮಯವನ್ನು ಅಲ್ಲಿ ಕೊಡಿ.

ಕನ್ನಡಕದ ಫ್ರೇಮನ್ನು ದಪ್ಪ ಗೆರೆಯಾಗಿ ಎಳೆದು Path ಮೆನುವಿನ Stroke to Path ಕೊಡಿ. ಇಲ್ಲದಿದ್ದರೆ, ಗೆರೆಯ ದಪ್ಪವೂ ಕುಗ್ಗುವ ಆಯ್ಕೆ ಆಫ್ ಆಗಿದ್ದಾಗ, ಚಿತ್ರ ಚಿಕ್ಕದಾದರೂ ಫ್ರೇಮ್ ಮಾತ್ರ ದಪ್ಪಗೇ ಉಳಿದು ಕಣ್ಣು ಮುಚ್ಚುತ್ತದೆ.

ಈಗ 64 ಪಿಕ್ಸೆಲ್ ಅಗಲದ PNG ತೆಗೆದು ನೋಡಿ. ಕಾಮೆಂಟಿನ ಪಕ್ಕ ಜನ ನೋಡುವುದು ಹೆಚ್ಚುಕಡಿಮೆ ಆ ಗಾತ್ರದಲ್ಲಿ. ಹುಬ್ಬು-ಫ್ರೇಮ್ ಕೂಡಿಕೊಂಡಿದ್ದರೆ ಫ್ರೇಮ್ ತೆಳುವಾಗಿಸಿ, ನಡುವೆ ಚರ್ಮದ ಒಂದು ಪಟ್ಟಿ ಬಿಡಿಸಿ. ಕಣ್ಣಿನ ಬಿಳಿ ಎದ್ದು ಹೆದರಿಸಿದರೆ ಅದನ್ನು ತಿಳಿಕಂದಿಗೆ ತನ್ನಿ. ಚಿತ್ರ ವೃತ್ತದಲ್ಲಿ ಕಾಣುವುದರಿಂದ ನಾಲ್ಕು ಮೂಲೆಯಲ್ಲಿ ಏನನ್ನೂ ಇಡಬೇಡಿ.

ಅಂಗಡಿಯಲ್ಲಿ ದುಡ್ಡು ಕೊಟ್ಟು ಎಸ್‌ವಿಜಿ ಮಾಡಿಸಿದೆ. ದೊಡ್ಡದು ಮಾಡಿದರೆ ಮಸುಕು. – ಓದುಗರು, ಸಾಗರ

ನಿಮಗೆ ಮೋಸವಾಗಿದೆ. ಎಸ್‌ವಿಜಿ ಎಂದರೆ ಗೆರೆ-ಆಕಾರಗಳ ಫೈಲ್, ದೊಡ್ಡದು ಮಾಡಿದರೂ ಮಸುಕಾಗುವುದಿಲ್ಲ. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು `<image` ಹುಡುಕಿ. ಅದು ಸಿಕ್ಕಿ, `<path` ಒಂದೂ ಸಿಗದಿದ್ದರೆ, ಫೋಟೋವನ್ನೇ ಎಸ್‌ವಿಜಿ ಲಕೋಟೆಗೆ ತುರುಕಿದ್ದಾರೆ. ದುಡ್ಡು ವಾಪಸ್ ಕೇಳಿ.

ಹೆಸರಿನ ಕೊನೆಯ .jpg ತೆಗೆದು .svg ಮಾಡಿದರೆ ಆಯಿತಂತೆ? – ಓದುಗರು, ಭದ್ರಾವತಿ

ಇಲ್ಲ, ಫೈಲ್ ತೆರೆಯುವುದೂ ಇಲ್ಲ.

ಲಿಂಕ್ಡ್‌ಇನ್ ನನ್ನ ಎಸ್‌ವಿಜಿ ತೆಗೆದುಕೊಳ್ಳುತ್ತಿಲ್ಲ. – ಓದುಗರು, ಹೊಸನಗರ

800 × 800 PNG ಮಾಡಿ ಹಾಕಿ. ಜೆಪೆಗ್ ಬೇಡ, ಒಂದೇ ಬಣ್ಣದ ಜಾಗದ ಅಂಚಿನಲ್ಲಿ ಕೊಳೆ ಕೂರುತ್ತದೆ. ಎಸ್‌ವಿಜಿಯನ್ನು ಜೋಪಾನವಾಗಿಡಿ; ಮುಂದೆ ಕನ್ನಡಕ ಬದಲಾದರೆ ಅದೊಂದನ್ನೇ ತಿದ್ದಬಹುದು.