ಏರುಕಂತಿನ ಸಾಲ: ಕಟ್ಟಿದ ಮೇಲೂ ಅಸಲು ಬೆಳೆಯುವುದೇಕೆ?

"10 ಲಕ್ಷ ರೂಪಾಯಿ ಸಾಲವನ್ನು ಶೇ 10ರ ಬಡ್ಡಿಗೆ 10 ವರ್ಷಕ್ಕೆ ತೆಗೆದುಕೊಂಡಿದ್ದೇನೆ. ವರ್ಷಕ್ಕೊಂದು ಕಂತು, ಪ್ರತಿ ವರ್ಷ ಅದು 20,000 ರೂಪಾಯಿ ಏರುತ್ತದೆ. ಮೊದಲ ಕಂತು 88,236 ಕಟ್ಟಿದ ಮೇಲೆ ಬಾಕಿ 10,11,764 ಎಂದು ಬಂದಿದೆ. ಲೆಕ್ಕ ತಪ್ಪಿದೆಯೇ?" – ಹಾಸನದ ಓದುಗರು

ಲೆಕ್ಕ ತಪ್ಪಿಲ್ಲ. ಮೊದಲ ವರ್ಷದ ಬಡ್ಡಿಯೇ 1,00,000 ರೂಪಾಯಿ. ನಿಮ್ಮ ಕಂತು ಅದಕ್ಕಿಂತ 11,764 ಕಡಿಮೆಯಿದ್ದುದರಿಂದ ಆ ಕೊರತೆ ಅಸಲಿಗೆ ಸೇರಿತು. ಎರಡನೆಯ ಕಂತು 1,08,236 ಆಗಿದ್ದರೂ ಅದರಲ್ಲಿ 1,01,176 ಬಡ್ಡಿಗೇ ಹೋಗುತ್ತದೆ. ಮೂರನೆಯ ಕಂತು ಕಟ್ಟಿದ ಬಳಿಕವಷ್ಟೇ ಬಾಕಿ 10 ಲಕ್ಷದ ಕೆಳಗೆ ಇಳಿದು 9,76,938 ಆಗುತ್ತದೆ.

ನಿಮ್ಮ ಮೊದಲ ಕಂತು ಹೇಗೆ ನಿಗದಿಯಾಯಿತೆಂಬುದನ್ನು ತಿಳಿಯಲು ಕಂತುಗಳನ್ನು ಎರಡು ಪದರಗಳಾಗಿ ಬಿಡಿಸಿ ನೋಡಬೇಕು. ಕೆಳಗಿನ ಪದರದಲ್ಲಿ ಹತ್ತು ವರ್ಷವೂ ಒಂದೇ ಮೊತ್ತವಿರುತ್ತದೆ. ಅದರ ಮೇಲಿನ ಪದರದಲ್ಲಿ 0, 20,000, 40,000 ಎಂದು 1,80,000ದವರೆಗೆ ಏರುವ ಸಮಾಂತರ ಶ್ರೇಢಿಯಿರುತ್ತದೆ. ಏರಿಕೆ ಎರಡನೆಯ ವರ್ಷದಿಂದ ಶುರುವಾಗುವುದೆಂಬುದನ್ನು ಮರೆತು ಮೊದಲ ವರ್ಷಕ್ಕೂ 20,000 ಸೇರಿಸಿಬಿಡುವುದೇ ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಮೇಲಿನ ಪದರದ ಇಂದಿನ ಮೌಲ್ಯವನ್ನು, ಅಂದರೆ ಮುಂದೆ ಕಟ್ಟುವ ಆ ಮೊತ್ತಗಳು ಬಡ್ಡಿ ಕಳೆದರೆ ಇಂದಿಗೆ ಎಷ್ಟಾಗುತ್ತವೆ ಎಂಬುದನ್ನು, ಕೊಡುವ ಸೂತ್ರ ಇದು:

G × [(1+i)^n − i·n − 1] ÷ [i² × (1+i)^n]

ಇಲ್ಲಿ G ಎಂದರೆ ವಾರ್ಷಿಕ ಏರಿಕೆ, i ಎಂದರೆ ದಶಮಾಂಶದಲ್ಲಿ ಬರೆದ ಬಡ್ಡಿದರ, n ಎಂದರೆ ವರ್ಷಗಳು. ನಿಮ್ಮ ಸಾಲಕ್ಕೆ G ಬಿಟ್ಟು ಉಳಿದ ಭಾಗದ ಬೆಲೆ 22.8913. ಅದನ್ನು 20,000ದಿಂದ ಗುಣಿಸಿದರೆ ಸುಮಾರು 4,57,826 ಬರುತ್ತದೆ. ಕೂಡಿದರೆ 9 ಲಕ್ಷವಾಗುವ ಏರಿಕೆಗಳು ಬಹುಪಾಲು ಕೊನೆಯ ವರ್ಷಗಳಲ್ಲಿ ಬರುವುದರಿಂದ ಇಂದಿನ ಲೆಕ್ಕದಲ್ಲಿ ಅರ್ಧದಷ್ಟೇ ಬಾಳುತ್ತವೆ. ಉಳಿದ 5,42,174ನ್ನು ಸಮಕಂತುಗಳೇ ತೀರಿಸಬೇಕು; ಶೇ 10ರಲ್ಲಿ ವರ್ಷಕ್ಕೊಂದು ರೂಪಾಯಿಯಂತೆ ಹತ್ತು ವರ್ಷ ಕಟ್ಟುವ ಹಣದ ಒಟ್ಟು ಇಂದಿನ ಮೌಲ್ಯ 6.14457 ಆದ್ದರಿಂದ, ಭಾಗಿಸಿದಾಗ 88,236 ಸಿಗುತ್ತದೆ.

ಹಾಗಾದರೆ ಏರಿಕೆ ಎಷ್ಟಿದ್ದಿದ್ದರೆ ಅಸಲು ಬೆಳೆಯುತ್ತಿರಲಿಲ್ಲ? ಮೊದಲ ಕಂತನ್ನು 1,00,000 ಎಂದಿಟ್ಟು ಲೆಕ್ಕ ಮಾಡಿದರೆ ಆ ಗಡಿ ಸುಮಾರು 16,842 ರೂಪಾಯಿ. ಉದಾಹರಣೆಗೆ 15,000ದ ಏರಿಕೆಗೆ ಒಪ್ಪಿದ್ದರೆ ಮೊದಲ ಕಂತು 1,06,863 ಆಗಿ, ಮೊದಲ ವರ್ಷದಿಂದಲೇ ಅಸಲು ಕರಗುತ್ತಿತ್ತು. ಏರಿಕೆಯಿಲ್ಲದ ಸಮಕಂತಾದರೆ ವರ್ಷಕ್ಕೆ 1,62,745; ಅದಕ್ಕೆ ಹೋಲಿಸಿದರೆ ನೀವು ಹತ್ತು ವರ್ಷದಲ್ಲಿ ಒಟ್ಟು 1.55 ಲಕ್ಷದಷ್ಟು ಹೆಚ್ಚು ಕಟ್ಟುತ್ತೀರಿ. ಇದು ದಂಡವಲ್ಲ, ತಡವಾಗಿ ತೀರಿಸುವ ಅಸಲಿನ ಮೇಲಿನ ಬಡ್ಡಿ. ಆದರೆ ಕೊನೆಯ ಕಂತು 2,68,236 ಆಗಿರುವುದರಿಂದ ಆ ಹೊತ್ತಿನ ಆದಾಯ ಅದನ್ನು ತಡೆದುಕೊಳ್ಳುವುದೇ ಎಂದು ಈಗಲೇ ನೋಡಿಕೊಳ್ಳಿ.

ಕಂತು ತಿಂಗಳಿಗೊಮ್ಮೆ ಕಟ್ಟುವಂತಿದ್ದು ಏರಿಕೆ ಮಾತ್ರ ವರ್ಷಕ್ಕೊಮ್ಮೆ ಇದ್ದರೆ ಈ ಸೂತ್ರವನ್ನು ನೇರವಾಗಿ ಹಾಕಬಾರದು. ಹನ್ನೆರಡು ಕಂತುಗಳನ್ನು ಬಡ್ಡಿಸಹಿತ ವರ್ಷಾಂತ್ಯದ ಒಂದೇ ಮೊತ್ತವಾಗಿ ಪರಿವರ್ತಿಸಿಕೊಂಡ ಮೇಲೆ, ಅದಕ್ಕೆ ಹೊಂದುವ ವಾರ್ಷಿಕ ದರದಲ್ಲಿ ಬಳಸಬೇಕು.