“ಹೂಂ”, “ಆತು”, “ಕೆ”: ಅವ್ವನಿಗೆ ಹೋಗುತ್ತಿದ್ದ ಉತ್ತರಗಳನ್ನು ಬದಲಿಸಿದ ಒಂದು ಪ್ರಕರಣ

(ಒಂದೇ ಬಗೆಯ ಕೆಲವು ಪ್ರಕರಣಗಳನ್ನು ಕೂಡಿಸಿ, ಯಾರ ಗುರುತೂ ಸಿಗದಂತೆ ವಿವರ ಬದಲಿಸಿ ಬರೆದದ್ದು.)

ಸಲಹೆ ಕೇಳಿ ಬಂದವನು ಮಗ. ವಯಸ್ಸು 24. ಹಾವೇರಿ ಕಡೆಯ ಹಳ್ಳಿಯವನು, ಬೆಂಗಳೂರಿನ ಒಂದು ಕಾಲ್ ಸೆಂಟರ್‌ನಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 11ರ ಪಾಳಿ. ತಂದೆ ಎರಡು ವರ್ಷದ ಹಿಂದೆ ಹೊಲದಲ್ಲೇ ಎದೆನೋವು ಬಂದು ತೀರಿಕೊಂಡರು. ಊರಲ್ಲಿ ತಾಯಿ ಒಬ್ಬರೇ, ಪಕ್ಕದ ಮನೆಯಲ್ಲಿ ಮೈದುನನ ಸಂಸಾರ. ಅವನ ದೂರು ಇಷ್ಟು: “ಅವ್ವ ಹೊತ್ತಿಲ್ಲ ಗೊತ್ತಿಲ್ಲ ಮೆಸೇಜ್ ಮಾಡ್ತಾಳ್ರೀ. ಉತ್ತರ ಕೊಟ್ರೂ ಸಮಾಧಾನ ಆಗಂಗಿಲ್ಲ. ಮತ್ತ ಅದನ್ನ ಕೇಳ್ತಾಳ.”

ಅವನ ಒಪ್ಪಿಗೆ ಪಡೆದು ಒಂದು ದಿನದ ಸಂದೇಶಗಳನ್ನು ಇಬ್ಬರೂ ಕೂತು ಓದಿದೆವು. ತಾಯಿಯವು ಹೆಚ್ಚಿನವು ಧ್ವನಿ ಸಂದೇಶ.

3:10 — ಊಟಾ ಆತೇನಪಾ?
3:45 — ಯಾಕ ಮಾತಾಡವಲ್ಲಿ? ಆರಾಮ ಅದಿಯಿಲ್ಲ?
4:32, ಮಗ — ಹೂಂ
4:33 — ಏನ್ ಉಂಡಿ?
6:20 — ನಿನ್ನೆ ಕೆಮ್ಮತಿದ್ದೆಲ್ಲ, ಕಡಿಮಿ ಆತ?
7:05, ಮಗ — ಆತು
11:40 — ರೂಮಿಗೆ ಮುಟ್ಟಿದೀ?
12:50, ಮಗ — ಕೆ

ಈ ಎಂಟು ಸಾಲಿನಲ್ಲಿ ಮಗ ಸುಳ್ಳು ಹೇಳಿಲ್ಲ, ಸಿಟ್ಟು ತೋರಿಸಿಲ್ಲ. ಆದರೂ ತಾಯಿಗೆ ಸಿಕ್ಕ ಸುದ್ದಿ ಏನೂ ಇಲ್ಲ. 4:32ರ “ಹೂಂ” ಊಟದ ಪ್ರಶ್ನೆಗೋ ಆರಾಮಿನ ಪ್ರಶ್ನೆಗೋ ತಿಳಿಯುವುದಿಲ್ಲ. 7:05ರ “ಆತು” ಊಟ ಆಯಿತೆಂದೋ ಕೆಮ್ಮು ಕಡಿಮೆಯಾಯಿತೆಂದೋ ಹೇಳಲಾಗದು. ರಾತ್ರಿಯ “ಕೆ” ಇಂಗ್ಲಿಷ್ ಅಕ್ಷರದಲ್ಲಿತ್ತು. ತಾಯಿಗೆ ಕನ್ನಡ ಮಾತ್ರ ಓದಲು ಬರುತ್ತದೆ. ಅದರ ಅರ್ಥ ಗೊತ್ತಾದದ್ದು ಬೆಳಿಗ್ಗೆ, ಮೈದುನನ ಮಗಳು ಶಾಲೆಗೆ ಹೊರಟಾಗ ಓದಿ ಹೇಳಿದ ಮೇಲೆ. ಮಗ ಉತ್ತರ ಕೊಟ್ಟಿದ್ದ, ತಾಯಿಯ ಪಾಲಿಗೆ ರಾತ್ರಿಯಿಡೀ ಉತ್ತರ ಬಂದೇ ಇರಲಿಲ್ಲ.

ಚಿಂತೆಯಲ್ಲಿರುವ ತಾಯಿ “ಊಟ ಆಯಿತೇ” ಎಂದು ಕೇಳಿದಾಗ ಅದರೊಳಗೆ ಇನ್ನೆರಡು ಪ್ರಶ್ನೆಗಳಿರುತ್ತವೆ: ನೀನು ಈಗ ಸುರಕ್ಷಿತವಾಗಿದ್ದೀಯಾ, ನಿನ್ನ ಸುದ್ದಿ ನನಗೆ ಮುಂದೆ ಯಾವಾಗ ಸಿಗುತ್ತದೆ. ಒಂದು ಪದದ ಉತ್ತರ ಊಟದ ಪ್ರಶ್ನೆಯನ್ನು ಮಾತ್ರ ಮುಗಿಸುತ್ತದೆ. ಉಳಿದೆರಡು ಹಾಗೇ ಇರುವುದರಿಂದ ಅವರು ಮತ್ತೆ ಕೇಳುತ್ತಾರೆ. ಮತ್ತೆ ಕೇಳಿದ್ದಕ್ಕೆ ಮಗನಿಗೆ ವಿಚಾರಣೆ ನಡೆದಂತಾಗಿ ಉತ್ತರ ಇನ್ನೂ ಚಿಕ್ಕದಾಗುತ್ತದೆ. ಈ ಮನೆಯಲ್ಲಿ ಇನ್ನೊಂದು ಕಾರಣವೂ ಇತ್ತು. ಗಂಡ ಆ ದಿನ ಬೆಳಿಗ್ಗೆ “ಏನಿಲ್ಲ, ಆರಾಮ ಅದೀನಿ” ಎಂದೇ ಹೊಲಕ್ಕೆ ಹೋಗಿದ್ದರು. ಹಾಗಾಗಿ “ಆರಾಮ” ಎಂಬ ಬರೀ ಮಾತು ಈ ತಾಯಿಗೆ ಧೈರ್ಯ ಕೊಡುವುದಿಲ್ಲ. ಮಗ ಇದನ್ನು ಯೋಚಿಸಿರಲಿಲ್ಲ. ಕೇಳಿ ಬಹಳ ಹೊತ್ತು ಸುಮ್ಮನಿದ್ದ.

ಅವನ ಚಿಕ್ಕ ಉತ್ತರಗಳಿಗೂ ಕಾರಣಗಳಿದ್ದವು, ಅವನ್ನು ಕೇಳದೆ “ಉದ್ದ ಬರಿ” ಎಂದರೆ ಎರಡು ದಿನವೂ ನಡೆಯುವುದಿಲ್ಲ. ಕೆಲಸದ ಜಾಗಕ್ಕೆ ಫೋನ್ ಒಯ್ಯುವಂತಿಲ್ಲ, ಲಾಕರ್‌ನಲ್ಲಿಡಬೇಕು. 15 ನಿಮಿಷದ ಎರಡು ಬ್ರೇಕ್, ಊಟಕ್ಕೆ ಅರ್ಧ ಗಂಟೆ. ಫೋನ್ ತೆಗೆದ ಕೂಡಲೇ ಐದಾರು ಸಂದೇಶ ಕಂಡು ಕೊನೆಯದಕ್ಕೆ ಮಾತ್ರ ಏನೋ ಒತ್ತಿ ಚಹಾಕ್ಕೆ ಓಡುತ್ತಿದ್ದ. ಕನ್ನಡ ಟೈಪ್ ಮಾಡಲು ಹೊತ್ತು ಹಿಡಿಯುತ್ತಿತ್ತು. ಫೋನ್ ಮಾಡಿದರೆ ಮಾತು ಅಪ್ಪನ ಕಡೆ ಹೋಗಿ ಅವ್ವ ಅಳುತ್ತಾಳೆ, ಅದನ್ನು ಎದುರಿಸುವ ಧೈರ್ಯ ತನಗಿಲ್ಲ ಎಂಬುದನ್ನು ಎರಡನೇ ಭೇಟಿಯಲ್ಲಿ ಹೇಳಿದ.

ಮೊದಲು ಕೊಟ್ಟ ಸಲಹೆ ಸಂದೇಶದ್ದಲ್ಲ. ರಜೆಯ ದಿನ ಅವ್ವನಿಗೆ ಫೋನ್ ಮಾಡಿ ಕೆಲಸದ ದಿನ ಹೇಗಿರುತ್ತದೆಂದು ಪೂರ್ತಿ ಹೇಳು ಎಂದೆವು. ಫೋನ್ ಲಾಕರ್‌ನಲ್ಲಿರುತ್ತದೆ ಎಂಬ ಸಂಗತಿಯೇ ತಾಯಿಗೆ ಗೊತ್ತಿರಲಿಲ್ಲ. ಸಂದೇಶ ತಲುಪಿದ ಎರಡು ಬೂದು ಗೆರೆ ಬಿದ್ದಿರುತ್ತವೆ, ನೀಲಿಯಾಗುವುದಿಲ್ಲ. ಮಗ ಬೇಕೆಂದೇ ನೋಡುತ್ತಿಲ್ಲ, ಇಲ್ಲವೇ ಏನೋ ಆಗಿದೆ ಎಂದು ಅವರು ತಿಳಿಯುತ್ತಿದ್ದರು. ಲಾಕರ್, ಬ್ರೇಕಿನ ಹೊತ್ತು, ರಾತ್ರಿ ಕಂಪನಿಯ ಕ್ಯಾಬ್, ಅದರಲ್ಲಿ ಜೊತೆಗೆ ಬರುವ ಇಬ್ಬರು, ಇಷ್ಟನ್ನೂ ಒಮ್ಮೆ ಹೇಳಿದ ಮೇಲೆ ಮಧ್ಯಾಹ್ನದ ಮೌನಕ್ಕೆ ಬೇರೆ ಅರ್ಥ ಬಂತು. ಜೊತೆಗೆ ರೂಮಿನ ಗೆಳೆಯನ ನಂಬರನ್ನೂ ತಾಯಿಗೆ ಕೊಡಿಸಿದೆವು. ತೀರಾ ತುರ್ತಿದ್ದರೆ ಮಗನಿಗೆ ಬೆನ್ನುಬೆನ್ನಿಗೆ ಎರಡು ಸಲ ಕರೆ ಮಾಡುವುದು, ಎತ್ತದಿದ್ದರೆ ಗೆಳೆಯನಿಗೆ ಮಾಡುವುದು ಎಂದು ಗೊತ್ತು ಮಾಡಿಕೊಂಡರು.

ಆಮೇಲೆ ಸಂದೇಶ. ದಿನಕ್ಕೆ ಮೂರು ಸಾಕು: ಕೆಲಸಕ್ಕೆ ಹೋಗುವ ಮುಂಚೆ, ಊಟದ ಬ್ರೇಕಿನಲ್ಲಿ, ರೂಮಿಗೆ ಬಂದ ಮೇಲೆ. ಇದರಲ್ಲಿ ಮುಖ್ಯವಾದದ್ದು, ತಾಯಿ ಕೇಳುವ ಮೊದಲೇ ಕಳಿಸುವುದು. ಕೇಳಿದ ಮೇಲೆ ಬಂದ ಉತ್ತರ “ಕೇಳಿದರೆ ಮಾತ್ರ ಸುದ್ದಿ ಸಿಗುತ್ತದೆ” ಎಂದು ಕಲಿಸುತ್ತದೆ, ಕೇಳುವುದು ಹೆಚ್ಚುತ್ತದೆ. ಪ್ರತಿ ಸಂದೇಶದಲ್ಲೂ ಮೂರು ಮಾತು ಇರಲಿ ಎಂದೆವು. ಈಗ ಎಲ್ಲಿ, ಹೇಗಿದ್ದೇನೆ. ಆ ದಿನದ್ದೇ ಆದ, ಕಣ್ಣಿಗೆ ಕಾಣುವಂಥ ಒಂದು ವಿವರ. ಮುಂದಿನ ಸುದ್ದಿ ಯಾವಾಗ. ನಡುವಿನ ವಿವರವೇ ಅವ್ವನಿಗೆ ನಂಬಿಕೆ ತರುವುದು. “ಊಟ ಆಯಿತು” ಎಂದು ಯಾವ ದಿನವಾದರೂ ಹೇಳಬಹುದು, ಏನು ಉಂಡೆ ಎಂಬುದು ಇವತ್ತಿನದೇ ಆಗಿರುತ್ತದೆ.

ಮಗ ಬರೆದು ಕಳಿಸಿದ ಮೊದಲ ಸಂದೇಶ ಹೀಗಿತ್ತು: “ಅವ್ವಾ, ನಾನು ಚೆನ್ನಾಗಿದ್ದೇನೆ. ನೀನು ಯಾವುದಕ್ಕೂ ಚಿಂತೆ ಮಾಡಬೇಡ. ನಿನ್ನ ಆರೋಗ್ಯ ನೋಡಿಕೋ. ನನಗೆ ನೀನೇ ಮುಖ್ಯ.” ತಾಯಿ ತಕ್ಷಣ ಫೋನ್ ಮಾಡಿ, “ಯಾಕಪಾ ಹಿಂಗ ಬರದಿ, ಏನಾಗೇತಿ?” ಎಂದರು. ಅವರ ಗಾಬರಿ ಸಹಜವೇ. ಮನೆಯಲ್ಲಿ ಆಡದ ಭಾಷೆ, ಎಂದೂ ಹೇಳದ ಮಾತು, ಮೇಲೆ “ಚಿಂತೆ ಮಾಡಬೇಡ” ಎಂಬ ಸೂಚನೆ, ಒಟ್ಟಿಗೆ ಬಂದರೆ ಯಾರಿಗಾದರೂ ಸಂಶಯ ಬರುತ್ತದೆ. ಆದ್ದರಿಂದ ಬರವಣಿಗೆ ಬಿಟ್ಟು ಧ್ವನಿ ಸಂದೇಶಕ್ಕೆ ಬಂದೆವು. ಇಪ್ಪತ್ತು ಸೆಕೆಂಡಿನ ಮಾತಿನಲ್ಲಿ ಮೂರೂ ಅಂಶ ಬರುತ್ತವೆ, ಟೈಪ್ ಮಾಡುವ ಕಷ್ಟವಿಲ್ಲ, ಓದಿಸಿಕೊಳ್ಳಲು ಬೇರೆಯವರು ಬೇಕಿಲ್ಲ. ಕೆಮ್ಮು ಕಡಿಮೆಯಾದದ್ದು ದನಿಯಲ್ಲೇ ಗೊತ್ತಾಗುತ್ತದೆ.

ಅದೇ ಮಧ್ಯಾಹ್ನದ “ಹೂಂ” ಜಾಗಕ್ಕೆ ಬಂದದ್ದು ಇದು, ಕೆಲಸಕ್ಕೆ ಹೋಗುವ ಮುಂಚೆ: “ಅವ್ವಾ, ಊಟಾ ಮಾಡಿ ಹೊಂಟೀನಿ. ಮೆಸ್ಸಿನ್ಯಾಗ ಇವತ್ತ ಬದನಿಕಾಯಿ ಪಲ್ಯ ಮಾಡಿದ್ರು, ಖಾರನ ಇರಲಿಲ್ಲ. ಈಗ ಫೋನ್ ಲಾಕರ್‌ನ್ಯಾಗ ಇಡ್ತೀನಿ. ಊಟದ ಬ್ರೇಕಿಗೆ, ಏಳರಿಂದ ಎಂಟರ ಒಳಗ ಮಾತಾಡ್ತೀನಿ.”

ಊಟದ ಬ್ರೇಕಿನದು: “ಕೆಮ್ಮ ಕಡಿಮಿ ಆಗೇತಿ, ಮುಂಜಾನೆ ಒಂದೆರಡ ಸಲ ಬಂತಷ್ಟ. ಬಿಸಿನೀರ ಕುಡೀಲಿಕತ್ತೀನಿ. ನೀ ಬಿಪಿ ಗುಳಿಗಿ ತಗೊಂಡಿ? ಎಮ್ಮಿ ಇವತ್ತ ಎಷ್ಟ ಹಾಲ ಕೊಡ್ತು ಹೇಳಿ ಕಳಸು. ರೂಮಿಗೆ ಬಂದ ಕೂಡ್ಲೇ ಹೇಳ್ತೀನಿ.”

ಎಮ್ಮೆಯ ಪ್ರಶ್ನೆ ಸುಮ್ಮನೆ ಸೇರಿಸಿದ್ದಲ್ಲ. ಉತ್ತರ ಕೊಡಲು ತಾಯಿಗೂ ಏನಾದರೂ ಇದ್ದರೆ ಮಾತು ಮಗನ ಕ್ಷೇಮದ ಸುತ್ತಲೇ ತಿರುಗುವುದಿಲ್ಲ. ಕೆಮ್ಮಿನ ಬಗ್ಗೆ “ಪೂರ್ತಿ ಹೋಯಿತು” ಎನ್ನದೆ ಇದ್ದಷ್ಟನ್ನೇ ಹೇಳಿದ್ದನ್ನೂ ಗಮನಿಸಿ.

ಎರಡನೇ ವಾರ ಒಂದು ತೊಡಕಾಯಿತು. ಮಗ ಹುಮ್ಮಸ್ಸಿನಲ್ಲಿ “ಹನ್ನೊಂದೂವರೆಗೆ ರೂಮಿನ್ಯಾಗ ಇರ್ತೀನಿ” ಎಂದಿದ್ದ. ಕ್ಯಾಬ್ ತಡವಾಗಿ ಹೊರಟು 12:20 ಆಯಿತು. ತಾಯಿ ಮೈದುನನನ್ನು ಎಬ್ಬಿಸಿ ಕೂರಿಸಿದ್ದರು. ಹೇಳಿದ ಗಳಿಗೆ ತಪ್ಪಿದಾಗ ಚಿಂತೆ ಏನೂ ಹೇಳದಿದ್ದಾಗಿನದಕ್ಕಿಂತ ಜಾಸ್ತಿ. ಅಂದಿನಿಂದ ನಿಯಮ ಬದಲಿಸಿದೆವು: ಗಳಿಗೆ ಹೇಳಬೇಡ, ತಡವೆಂದರೆ ಎಷ್ಟರೊಳಗೆ ಎಂಬುದನ್ನು ಹೇಳು. “ರಾತ್ರಿ ಒಂದರ ಒಳಗ ರೂಮಿಗೆ ಬರ್ತೀನಿ. ತಡಾ ಆದ್ರ ಕ್ಯಾಬಿನಿಂದನ ಹೇಳ್ತೀನಿ.” ತಾಯಿ ಲೊಕೇಶನ್ ನೋಡಲು ಕಲಿತಿದ್ದರೆ ಒಳ್ಳೆಯದಲ್ಲವೇ ಎಂದು ಮಗ ಕೇಳಿದ. ಈ ಪ್ರಕರಣದಲ್ಲಿ ಬೇಡವೆಂದೆವು. ಸಿಗ್ನಲ್‌ನಲ್ಲಿ ನಿಂತ ಚುಕ್ಕೆಯನ್ನು ನೋಡುತ್ತಾ ಕೂರುವುದು ಚಿಂತೆಯನ್ನು ಬೆಳೆಸುತ್ತದೆ.

ಆಮೇಲೆ ಮಗನಿಗೆ ಜ್ವರ ಬಂತು. ಮುಚ್ಚಿಡಬೇಕೆಂದಿದ್ದ. ಒಮ್ಮೆ ಮುಚ್ಚಿಟ್ಟದ್ದು ಗೊತ್ತಾದರೆ ಮುಂದಿನ ಎಲ್ಲ “ಆರಾಮ”ಗಳೂ ಸಂಶಯಕ್ಕೆ ಬೀಳುತ್ತವೆ, ಈ ತಾಯಿಯ ವಿಷಯದಲ್ಲಂತೂ ಅದು ದೊಡ್ಡ ಪೆಟ್ಟು. ಕೆಟ್ಟ ಸುದ್ದಿಗೂ ಒಂದು ಕ್ರಮ ಕೊಟ್ಟೆವು: ಏನಾಗಿದೆ, ಏನು ಮಾಡಿಯಾಗಿದೆ, ಜೊತೆಗೆ ಯಾರಿದ್ದಾರೆ, ಮುಂದೆ ಯಾವಾಗ ಹೇಳುತ್ತೇನೆ. ಅವನು ಕಳಿಸಿದ್ದು: “ಅವ್ವಾ, ನಿನ್ನೆ ರಾತ್ರಿಯಿಂದ ಜ್ವರ ಅದಾವು, ನೂರಾ ಒಂದ ಇತ್ತು. ಡಾಕ್ಟರ್‌ಗೆ ತೋರಿಸಿ ಗುಳಿಗಿ ತಗೊಂಡೀನಿ. ರಜಾ ಹಾಕೀನಿ, ರೂಮಿನ ಗೆಳೆಯ ಮನ್ಯಾಗ ಅದಾನ. ಸಂಜಿ ಆರರ ಒಳಗ ಜ್ವರ ನೋಡಿ ಹೇಳ್ತೀನಿ.” ತಾಯಿ ಹೆದರಿದರು, ಒಮ್ಮೆ ಫೋನ್ ಮಾಡಿ ಗಂಜಿ ಕುಡಿಯಲು ಹೇಳಿದರು, ಸಂಜೆಯವರೆಗೆ ಕಾದರು.

ತುಂಬು ಸಂದೇಶಕ್ಕೂ ಮಿತಿಯಿದೆ. ಮೂರು ಸಂದೇಶ ಹೋದ ಮೇಲೂ ಅದೇ ಪ್ರಶ್ನೆ ಮತ್ತೆ ಬಂದರೆ ಪ್ರತಿ ಸಲ ಹೊಸದಾಗಿ ಸಮಾಧಾನ ಹೇಳುತ್ತಾ ಹೋಗಬಾರದು. ಒಂದು ಸಮಾಧಾನ ಸ್ವಲ್ಪ ಹೊತ್ತು ನಿಂತು ಇಳಿಯುತ್ತದೆ, ಮುಂದಿನದು ಇನ್ನೂ ಬೇಗ ಬೇಕಾಗುತ್ತದೆ. ಆಗ ಮೆತ್ತಗೆ ಮೊದಲಿನ ಮಾತಿಗೇ ಕೈ ತೋರಿಸಬೇಕು: “ಮಧ್ಯಾಹ್ನ ಹೇಳೀನೆಲ್ಲ ಅವ್ವಾ, ಮುಂದಿನ ಸುದ್ದಿ ರಾತ್ರಿ.” ಇದನ್ನು ತಾಯಿಗೂ ಮೊದಲೇ ತಿಳಿಸಿ ಒಪ್ಪಿಸಿರಬೇಕು, ಇಲ್ಲದಿದ್ದರೆ ಹಳೆಯ “ಹೂಂ”ನಷ್ಟೇ ಒರಟಾಗಿ ಕೇಳಿಸುತ್ತದೆ.

ತಾಯಿಯ ಜೊತೆ ಫೋನಿನಲ್ಲಿ ಎರಡು ಸಲ ಮಾತಾಡಿದೆವು. ಮಗನ ಸುದ್ದಿ ಬಂದ ಮೇಲೂ ನಿದ್ದೆ ಬರುವುದಿಲ್ಲ, ನಸುಕಿನಲ್ಲಿ ಎದೆ ಡವಗುಟ್ಟುತ್ತದೆ, ಊಟ ಸೇರುವುದಿಲ್ಲ ಎಂದರು. ಇದು ಸಂದೇಶದಿಂದ ಸರಿಹೋಗುವ ಮಾತಲ್ಲ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಸಕ್ಕರೆ, ಥೈರಾಯ್ಡ್, ಇಸಿಜಿ ನೋಡಿಸಲು ಹೇಳಿದೆವು. ಎದೆ ಡವಗುಟ್ಟುವುದಕ್ಕೆ ದೇಹದ ಕಾರಣ ಇರಬಹುದು, ಅದನ್ನು ಚಿಂತೆಯ ಲೆಕ್ಕಕ್ಕೆ ಬರೆದು ಕೈಬಿಡಬಾರದು. ಜೊತೆಗೆ 14416, ಅಂದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿಯ ನಂಬರನ್ನು ಅವರ ಫೋನಿನಲ್ಲಿ ಹಾಕಿಸಿದೆವು. ಉಚಿತ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಗಂಡ ಹೋದ ದುಃಖವನ್ನು ಅವರು ಯಾರ ಮುಂದೆಯೂ ಪೂರ್ತಿ ಹೇಳಿಕೊಂಡಿರಲಿಲ್ಲ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಚೀಟಿ ಬರೆದುಕೊಟ್ಟೆವು, ಮೈದುನನ ಹೆಂಡತಿ ಜೊತೆಗೆ ಹೋದರು.

ಕಡೆಯ ಭೇಟಿಯಲ್ಲಿ ನೋಡಿದ ವಾರದ ಸಂದೇಶಗಳಲ್ಲಿ ತಾಯಿಯ ಪ್ರಶ್ನೆಗಳು ಹೆಚ್ಚಿನವು ಊಟದ ಬ್ರೇಕಿನ ಹೊತ್ತಿಗೇ ಬಂದಿದ್ದವು. ಭಾನುವಾರದ ಫೋನಿನಲ್ಲಿ ಅಪ್ಪನ ಮಾತು ಬಂದರೆ ತಪ್ಪಿಸದೆ ಹತ್ತು ನಿಮಿಷ ಕೇಳುವುದನ್ನು ಮಗ ಒಪ್ಪಿದ್ದಾನೆ. ಮುಂದಿನ ತಿಂಗಳು ಅವನಿಗೆ ರಾತ್ರಿ ಪಾಳಿ ಬೀಳುತ್ತದೆ. ಹಳೆಯ ಹೊತ್ತುಗಳು ನಡೆಯುವುದಿಲ್ಲವಾದ್ದರಿಂದ, ಪಾಳಿ ಬದಲಾಗುವ ಎರಡು ದಿನ ಮುಂಚೆಯೇ ಅವ್ವನಿಗೆ ಫೋನ್ ಮಾಡಿ ಹೊಸ ಮೂರು ಹೊತ್ತುಗಳನ್ನು ಹೇಳಿ, ಅವರಿಂದಲೇ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಸಬೇಕೆಂದು ಸೂಚಿಸಿದ್ದೇವೆ.